ಐಪಿ ವಿಳಾಸ ಕಲಿಸಲು ಕಂಪ್ಯೂಟರ್ ಬೇಡ, ಒಂದು ಕಟ್ಟು ಅಂಚೆ ಕಾರ್ಡು ಸಾಕು

‘ಐಪಿ ಅಡ್ರೆಸ್ ಅಂದರೆ ಕಂಪ್ಯೂಟರಿನ ಮನೆ ವಿಳಾಸ.’ ನಾನು ಎಂಜಿನಿಯರಿಂಗ್ ಓದುವಾಗ ನೆಟ್‌ವರ್ಕ್ ಪಾಠ ಶುರುವಾಗಿದ್ದು ಈ ವಾಕ್ಯದಿಂದ. ಅಂಚೆಯ ಮಾತು ಅಲ್ಲಿಗೇ ಮುಗಿಯಿತು, ಮುಂದಿನದ್ದನ್ನೆಲ್ಲ ಉರು ಹೊಡೆದು ಪಾಸಾದೆ. ವಿಳಾಸ ಏನೆಂದು ಮಕ್ಕಳಿಗೆ ಹೇಗೂ ಗೊತ್ತು. ಗೊತ್ತಾಗಬೇಕಾದದ್ದು, ವಿಳಾಸವನ್ನು ಯಾರು, ಎಷ್ಟು ಓದುತ್ತಾರೆ ಎಂಬುದು.

577401 ಎಂಬ ಪಿನ್‌ಕೋಡ್ ನೋಡಿ. ಅದು ಸಾಗರದ್ದು. ದೂರದ ದೆಹಲಿಯಲ್ಲಿ ಪತ್ರ ವಿಂಗಡಿಸುವವರಿಗೆ ಸಾಗರದ ಬೀದಿಗಳು ಗೊತ್ತಿರಬೇಕಿಲ್ಲ. ಮೊದಲ ಅಂಕಿ 5 ದಕ್ಷಿಣದ ಒಂದು ವಲಯ, 57 ಕರ್ನಾಟಕದ ಒಂದು ಭಾಗ, 577 ವಿಂಗಡಣಾ ಜಿಲ್ಲೆ. ಕೊನೆಯ ಮೂರು ಅಂಕಿ ಬೇಕಾಗುವುದು ಪತ್ರ ಹತ್ತಿರ ಬಂದ ಮೇಲೆ. ಇಂಟರ್‌ನೆಟ್ಟಿನ ರೌಟರ್ ಮಾಡುವುದೂ ಇದನ್ನೇ: ವಿಳಾಸದ ಮುಂಭಾಗ ಓದುತ್ತದೆ, ಮುಂದಿನ ಒಂದು ಹೆಜ್ಜೆ ಮಾತ್ರ ನಿರ್ಧರಿಸುತ್ತದೆ.

ಎಂಟು, ಒಂಬತ್ತನೇ ತರಗತಿಗೆ ಒಂದು ಪೀರಿಯಡ್ಡಿನ ಪಾಠ ಹೀಗೆ ಮಾಡಬಹುದು. ಮಕ್ಕಳನ್ನು ನಾಲ್ಕು ಸಾಲಾಗಿ ಕೂರಿಸಿ. ಮೂರನೇ ಸಾಲಿನ ಐದನೆಯವಳ ವಿಳಾಸ 192.168.3.5. ಪ್ರತಿ ಸಾಲಿಗೊಬ್ಬ ಲೀಡರ್, ಅವನೇ ವಿಂಗಡಣಾ ಕಚೇರಿ. ಕಾರ್ಡು ಬರೆದವರು ವಿಳಾಸದ ಕೊನೆಯ ಸಂಖ್ಯೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ತಮ್ಮ ವಿಳಾಸದ ಜೊತೆ ಹೋಲಿಸಬೇಕು. ಒಂದೇ ಆಗಿದ್ದರೆ ನೇರ ಕೊಡಿ, ಬೇರೆಯಾದರೆ ಲೀಡರ್ ಕೈಗೆ. ಆ ಹೆಬ್ಬೆರಳೇ ಸಬ್‌ನೆಟ್ ಮಾಸ್ಕ್, 255.255.255.0 ಅಂದರೆ ‘ಮೊದಲ ಮೂರನ್ನು ನೋಡು, ಕೊನೆಯದನ್ನು ಬಿಡು’ ಅಂತ ಅಷ್ಟೇ.

ಲೀಡರ್‌ಗಳು ಪಕ್ಕದ ಸಾಲಿನ ಲೀಡರ್‌ಗೆ ಮಾತ್ರ ಕಾರ್ಡು ದಾಟಿಸಬಹುದು. ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ. ಎರಡನೆಯವನ ಚೀಟಿಯಲ್ಲಿ: ‘2 ಬಂದರೆ ಇಲ್ಲೇ ಕೊಡು, 1 ಬಂದರೆ ಒಂದನೇ ಲೀಡರ್‌ಗೆ, ಉಳಿದದ್ದೆಲ್ಲ ಮೂರನೆಯವನಿಗೆ.’ ಮೂರನೆಯವನದ್ದು: ‘3 ಇಲ್ಲೇ, 4 ನಾಲ್ಕನೆಯವನಿಗೆ, ಉಳಿದದ್ದೆಲ್ಲ ಎರಡನೆಯವನಿಗೆ.’ ತುದಿಯ ಇಬ್ಬರದ್ದು ಸುಲಭ: ತಮ್ಮದಲ್ಲದ್ದೆಲ್ಲ ಪಕ್ಕದವನಿಗೆ. ಒಂದನೇ ಸಾಲಿನಿಂದ 192.168.4.6ಕ್ಕೆ ಬರೆದ ಕಾರ್ಡು ಮೂರು ಕೈ ದಾಟಿ ನಾಲ್ಕನೇ ಲೀಡರ್ ಹತ್ತಿರ ಬರುತ್ತದೆ. ಅವನು ‘ಯಾರಪ್ಪ 6?’ ಅಂತ ಕೂಗಿದರೆ ಒಂದು ಕೈ ಮೇಲೇಳುತ್ತದೆ. ನಿಜವಾದ ನೆಟ್‌ವರ್ಕಿನಲ್ಲೂ ಕೊನೆಯ ಹಂತದಲ್ಲಿ ಇಂಥದ್ದೇ ಒಂದು ಕೂಗು ಇದೆ.

ಈಗ ಒಂದನೇ ಸಾಲಿನಿಂದಲೇ 192.168.7.4ಕ್ಕೆ ಒಂದು ಕಾರ್ಡು ಬರೆಸಿ. ಏಳನೇ ಸಾಲೇ ಇಲ್ಲವಲ್ಲ! ಎರಡನೆಯವನಿಗೆ ಅದು ‘ಉಳಿದದ್ದು’, ಮೂರನೆಯವನಿಗೂ ‘ಉಳಿದದ್ದೇ’. ಕಾರ್ಡು ಅವರಿಬ್ಬರ ನಡುವೆ ಓಡಾಡುತ್ತಲೇ ಇರುತ್ತದೆ. ತರಗತಿ ಬಿದ್ದು ಬಿದ್ದು ನಗಲಿ, ಅವಸರ ಮಾಡಬೇಡಿ. ಇದನ್ನು ನಿಲ್ಲಿಸುವುದು ಹೇಗೆ ಅಂತ ಮಕ್ಕಳನ್ನೇ ಕೇಳಿ.

ಇಂಟರ್‌ನೆಟ್ ಕಂಡುಕೊಂಡ ದಾರಿ ಸರಳ. ಕಾರ್ಡಿನ ಮೂಲೆಯಲ್ಲಿ 6 ಎಂದು ಬರೆದು, ಕೈಗೆ ಬಂದಾಗಲೆಲ್ಲ ಲೀಡರ್ ಒಂದು ಕಳೆಯಲಿ. ಒಂದನೆಯವನು 5 ಮಾಡುತ್ತಾನೆ, ಎರಡನೆಯವನು 4, ಮೂರನೆಯವನು 3. ಹೀಗೆ ಸುತ್ತಿ, ಎರಡನೆಯವನ ಕೈಗೆ ಮೂರನೇ ಸಲ ಬಂದಾಗ ಸೊನ್ನೆ. ಅವನು ಕಾರ್ಡನ್ನು ಎಸೆದು, ಬರೆದವನಿಗೆ ‘ತಲುಪಲಿಲ್ಲ’ ಎಂದು ಚೀಟಿ ಕಳಿಸುತ್ತಾನೆ. ಈ ಸಂಖ್ಯೆಯ ಹೆಸರು ಟಿಟಿಎಲ್. ಲಿನಕ್ಸ್ ಕಂಪ್ಯೂಟರುಗಳು ಸಾಮಾನ್ಯವಾಗಿ 64ರಿಂದ ಶುರು ಮಾಡುತ್ತವೆ.

ಹೋಲಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಮಕ್ಕಳು ತಪ್ಪು ಕಲಿಯುತ್ತಾರೆ. ಮನೆ ಎದ್ದು ಓಡಾಡುವುದಿಲ್ಲ. ಮೊಬೈಲ್ ವೈಫೈ ಬಿಟ್ಟು ಡೇಟಾಕ್ಕೆ ಬಂದ ಕೂಡಲೇ ಅದರ ವಿಳಾಸ ಬದಲಾಗುತ್ತದೆ. ಇನ್ನು 192.168ರಿಂದ ಶುರುವಾಗುವ ವಿಳಾಸಗಳು ಸಾವಿರಾರು ಮನೆಗಳಲ್ಲಿ ಅವೇ ಇರುತ್ತವೆ, ಎಲ್ಲ ಹಾಸ್ಟೆಲ್‌ಗಳಲ್ಲೂ ‘ರೂಮ್ ನಂಬರ್ 5’ ಇರುವ ಹಾಗೆ. ಹೊರಗಿನ ಅಂಚೆಯವನಿಗೆ ಅದೊಂದೇ ಸಾಲದು. ಪಿನ್‌ಕೋಡಿನಲ್ಲಿ ವಿಂಗಡಣಾ ಜಿಲ್ಲೆ ಯಾವಾಗಲೂ ಮೂರನೇ ಅಂಕಿಗೆ ಮುಗಿಯುತ್ತದೆ, ಐಪಿಯಲ್ಲಿ ಹೆಬ್ಬೆರಳು ಸಂಖ್ಯೆಯ ಮಧ್ಯದಲ್ಲೂ ಬೀಳಬಹುದು. ಅದಕ್ಕೆ ಬೈನರಿ ಬೇಕು, ಇನ್ನೊಂದು ದಿನಕ್ಕಿರಲಿ.

ಅರ್ಥವಾಯಿತೇ ಎಂದು ತಿಳಿಯಲು ವ್ಯಾಖ್ಯೆ ಬರೆಸಬೇಡಿ. ಮೂರನೇ ಲೀಡರ್‌ನ ಚೀಟಿಯಿಂದ ‘4 ನಾಲ್ಕನೆಯವನಿಗೆ’ ಎಂಬ ಸಾಲನ್ನು ಸದ್ದಿಲ್ಲದೆ ಹೊಡೆದುಹಾಕಿ, ನಾಲ್ಕನೇ ಸಾಲಿನಿಂದ ಒಂದನೇ ಸಾಲಿಗೆ ಪತ್ರ ಬರೆಸಿ. ಪತ್ರ ಸರಿಯಾಗಿ ತಲುಪುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ನಾಲ್ಕನೇ ಸಾಲಿನವರು ಒಂದನೇ ಸಾಲಿನವರನ್ನು ಬೈಯಲು ಶುರು ಮಾಡುತ್ತಾರೆ. ಯಾರ ಚೀಟಿಯಲ್ಲಿ ಏನು ತಪ್ಪಿದೆ ಎಂದು ಕೇಳಿ. ಕಾರ್ಡಿನ ಹಿಂದೆ ಬಿದ್ದು, ಅದು ಮೂರನೆಯವನಿಂದ ಹಿಂದಕ್ಕೆ ತಿರುಗುವುದನ್ನು ಹಿಡಿದ ಹುಡುಗಿಗೆ ಈ ಪಾಠವನ್ನು ಮತ್ತೆ ಹೇಳಬೇಕಿಲ್ಲ.