ಎರಡು ಸಿರಿಂಜು, ಎರಡು ನಿಮಿಷ

ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಸಿರಿಂಜಿನ ಜೆಸಿಬಿ ಅಥವಾ ಲಿಫ್ಟ್ ಮಾದರಿ ಇದ್ದೇ ಇರುತ್ತದೆ. ಪಕ್ಕದಲ್ಲಿ ನಿಂತ ಹುಡುಗಿ ಪ್ಯಾಸ್ಕಲ್ ನಿಯಮವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ, ಅಪ್ಪ ಅಮ್ಮ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅವಳ ಕೈಯಲ್ಲಿರುವುದು ಎರಡೇ ನಿಮಿಷ. ನಿಯಮ ಆಮೇಲೆ ಬರಲಿ, ಮೊದಲು ಸಿರಿಂಜನ್ನು ಬಂದವರ ಕೈಗೆ ಕೊಡಬೇಕು.

ಸೂಜಿಯಿಲ್ಲದ 5 ಮಿಲಿ ಮತ್ತು 20 ಮಿಲಿ ಸಿರಿಂಜುಗಳ ನಡುವೆ ನೀರು ತುಂಬಿದ ಕೊಳವೆ ಇದೆ ಎನ್ನಿ. "ಆಂಟಿ, ನೀವು ಸಣ್ಣದನ್ನು ಒತ್ತಿ, ನಾನು ದೊಡ್ಡದನ್ನು ತಡೆಯುತ್ತೇನೆ." ತಡೆಯುವುದು ಅವಳಿಗೆ ಕಷ್ಟವಾಗುತ್ತದೆ. "ಈಗ ಅದಲು ಬದಲು ಮಾಡೋಣ." ಈ ಸಲ ದೊಡ್ಡವರ ಬಲವನ್ನು ಅವಳ ಹೆಬ್ಬೆರಳು ಸುಲಭವಾಗಿ ತಡೆಯುತ್ತದೆ. ಯಾಕೆ ಎಂಬ ಪ್ರಶ್ನೆ ಬಂದವರ ಬಾಯಿಂದಲೇ ಹೊರಡುತ್ತದೆ. ವಿವರಣೆ ಶುರುವಾಗಬೇಕಾದದ್ದು ಆಗ.

ಮುಚ್ಚಿದ ಕೊಳವೆಯಲ್ಲಿ ನೀರನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹೇಳಿದ್ದು ಇದನ್ನೇ. ದೊಡ್ಡ ಸಿರಿಂಜಿನ ಪಿಸ್ಟನ್ನಿನ ವಿಸ್ತೀರ್ಣ ಸಣ್ಣದರ ಸುಮಾರು ಎರಡೂವರೆ ಪಟ್ಟು ಇರುವುದರಿಂದ ಅಲ್ಲಿ ಸಿಗುವ ಬಲವೂ ಅಷ್ಟೇ ಪಟ್ಟು ಹೆಚ್ಚು. ತಿಕ್ಕಾಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ದೊಡ್ಡದರ ಮೇಲಿಟ್ಟ 1 ಕೆಜಿ ಸಕ್ಕರೆ ಪೊಟ್ಟಣವನ್ನು ಎತ್ತಲು ಸಣ್ಣದರ ಮೇಲೆ 400 ಗ್ರಾಂ ಭಾರದಷ್ಟು ಒತ್ತಿದರೆ ಸಾಕು.

ಇಲ್ಲಿಗೇ ನಿಲ್ಲಿಸಿದರೆ ಶಕ್ತಿ ಪುಕ್ಕಟೆ ಸಿಕ್ಕಿತು ಎಂದು ಕೇಳುವವರು ಭಾವಿಸುತ್ತಾರೆ. ಆದ್ದರಿಂದ ಸ್ಕೇಲು ಹಿಡಿದು ತೋರಿಸಬೇಕು. ಸಣ್ಣದು 4 ಸೆಂ.ಮೀ. ಒಳಗೆ ಹೋದಾಗ ದೊಡ್ಡದು ಮೇಲೇರುವುದು 1.6 ಸೆಂ.ಮೀ. ಮಾತ್ರ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕೊಟ್ಟಿದ್ದೇವೆ. ನನ್ನ ಮಟ್ಟಿಗೆ ಇಡೀ ಮಾದರಿಯಲ್ಲಿ ಅತ್ಯಂತ ಚೆಂದದ ಸಂಗತಿ ಇದು, ಹೆಚ್ಚಿನ ಮಕ್ಕಳು ಹೇಳದೆ ಬಿಡುವುದೂ ಇದನ್ನೇ. ಗ್ಯಾರೇಜಿನ ಜಾಕನ್ನು ಅಷ್ಟು ಸಲ ಒತ್ತಿದರೂ ಕಾರು ಸ್ವಲ್ಪ ಸ್ವಲ್ಪವೇ ಏಳುವುದಕ್ಕೆ ಕಾರಣ ಇಲ್ಲಿದೆ. ನಿಜವಾದ ಜೆಸಿಬಿಯಲ್ಲಿ ನಮ್ಮ ಹೆಬ್ಬೆರಳಿನ ಕೆಲಸವನ್ನು ಡೀಸೆಲ್ ಎಂಜಿನ್ನಿನಿಂದ ಓಡುವ ಪಂಪು ಮಾಡುತ್ತದೆ ಎಂದೂ ಒಂದು ಮಾತು ಸೇರಿಸಬೇಕು.

ಮಾದರಿ ಕೈಕೊಟ್ಟರೆ ಮೊದಲು ಗಾಳಿಯನ್ನು ಹುಡುಕಿ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಕೊಳವೆಯಲ್ಲಿ ಗುಳ್ಳೆಯಿದ್ದರೆ ಒತ್ತಿದಾಗ ಸ್ಪಂಜಿನ ಹಾಗೆ ಮೆತ್ತಗೆನಿಸುತ್ತದೆ, ಬಿಟ್ಟೊಡನೆ ಪಿಸ್ಟನ್ ಹಿಂದಕ್ಕೆ ಪುಟಿಯುತ್ತದೆ. ಬಣ್ಣದ ನೀರು ಹಾಕುವುದು ಗುಳ್ಳೆ ಕಣ್ಣಿಗೆ ಬೀಳಲೆಂದೂ ಹೌದು. ಎಲ್ಲವನ್ನೂ ಬಕೆಟ್ ನೀರಿನಲ್ಲಿ ಮುಳುಗಿಸಿಯೇ ಜೋಡಿಸಿದರೆ ಗಾಳಿ ಒಳಗೆ ಸೇರುವುದು ಕಡಿಮೆ. ಮಧ್ಯಾಹ್ನದ ಹೊತ್ತಿಗೆ ರಬ್ಬರು ಒಣಗಿ ಬಿಗಿಯಾದರೆ ಒಂದು ಹನಿ ಸೋಪಿನ ನೀರು ಸಾಕು.

ಕಾರಿನ ಬ್ರೇಕ್ ಕೊಳವೆಗೆ ಗಾಳಿ ಸೇರಿದಾಗಲೂ ಪೆಡಲ್ ಹೀಗೇ ಮೆತ್ತಗಾಗುತ್ತದೆ. ಆ ಗಾಳಿಯನ್ನು ಹೊರಹಾಕುವುದಕ್ಕೇ ಮೆಕ್ಯಾನಿಕ್ ಚಕ್ರದ ಬಳಿಯ ಪುಟ್ಟ ತಿರುಪನ್ನು ಸಡಿಲಿಸುತ್ತಾನೆ.