ಸೇರುವ ದಿನ ಮುಂದಕ್ಕೆ ಹೋದಾಗ ಬರುವ ಪತ್ರ

ಜಾಯ್ನಿಂಗ್ ಡೇಟ್ ಮುಂದೂಡಿದ ಸೂಚನೆ ಎಂದರೆ, ಕೆಲಸ ಕೊಡುತ್ತೇವೆಂದು ಆಫರ್ ಲೆಟರ್ ಕೊಟ್ಟಿರುವ ಕಂಪನಿ ಅದನ್ನು ಹಿಂದಕ್ಕೆ ಪಡೆಯದೆ, ಸೇರುವ ದಿನವನ್ನಷ್ಟೇ ಮುಂದಕ್ಕೆ ಹಾಕಿ ಬರೆಯುವ ಪತ್ರ. ಅದು ಬರುವುದು ಬಹುಪಾಲು ಮೇ ಮತ್ತು ಜುಲೈ ನಡುವೆ. ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದಿರುತ್ತದೆ, ಬೆಂಗಳೂರಿನ ಪಿಜಿಗೆ ಮುಂಗಡ ಕೊಟ್ಟಾಗಿರುತ್ತದೆ, ಊರಲ್ಲಿ ನೆಂಟರಿಗೆಲ್ಲ ಸುದ್ದಿ ತಿಳಿದಿರುತ್ತದೆ. ಆ ಹೊತ್ತಿಗೆ ನಾಲ್ಕು ಸಾಲಿನ ಇಮೇಲ್ ಬರುತ್ತದೆ.

ಇಂಥ ಪತ್ರ ಹುಟ್ಟುವುದಕ್ಕೆ ಮೂಲ ಕಾರಣ ಕ್ಯಾಂಪಸ್ ನೇಮಕಾತಿಯ ಕಾಲಗಣನೆಯಲ್ಲೇ ಇದೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪನಿಗಳು ಸಾಮಾನ್ಯವಾಗಿ ಏಳನೇ ಸೆಮಿಸ್ಟರ್‌ನಲ್ಲಿ ಹುಡುಗರನ್ನು ಆರಿಸಿಕೊಳ್ಳುತ್ತವೆ. ಅವರು ಕೆಲಸಕ್ಕೆ ಬರುವುದು ಹತ್ತು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ. ಅಂದರೆ ಮುಂದಿನ ವರ್ಷ ಎಷ್ಟು ಕೆಲಸ ಬರಬಹುದು ಎಂಬ ಅಂದಾಜಿನ ಮೇಲೆ ಈ ವರ್ಷವೇ ಮಾತು ಕೊಡಬೇಕು. ನಡುವೆ ವಿದೇಶದ ಗ್ರಾಹಕರು ಯೋಜನೆಗಳನ್ನು ತಡೆಹಿಡಿದರೆ, ಈಗಾಗಲೇ ಇರುವ ಉದ್ಯೋಗಿಗಳಲ್ಲೇ ಕೆಲವರು ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂರುತ್ತಾರೆ. ಆಗ ಹೊಸಬರನ್ನು ತಂದು ತರಬೇತಿ ಕೊಟ್ಟು ಸಂಬಳ ಕೊಡುವುದಕ್ಕಿಂತ ಅವರನ್ನು ಮನೆಯಲ್ಲೇ ಕಾಯಿಸುವುದು ಕಂಪನಿಗೆ ಅಗ್ಗ. ಆಫರ್ ರದ್ದು ಮಾಡಿದರೆ ಕಾಲೇಜುಗಳ ಜೊತೆ ಸಂಬಂಧ ಕೆಡುತ್ತದೆ, ಮುಂದಿನ ವರ್ಷ ಒಳ್ಳೆಯ ಹುಡುಗರು ಸಿಗುವುದಿಲ್ಲ. ಮುಂದೂಡಿಕೆ ಈ ಎರಡರ ನಡುವಿನ ದಾರಿ. ಇದರಲ್ಲಿ ಕಂಪನಿಯ ಖರ್ಚು ಉಳಿಯುತ್ತದೆ. ಕಾಯುವ ಖರ್ಚು ಹೊಸಬರ ಮೇಲೆ ಬೀಳುತ್ತದೆ.

ಹೀಗಾಗಿ ಅಂಥ ಪತ್ರವನ್ನು ಅಳೆಯುವ ಪ್ರಶ್ನೆ ಒಂದೇ: ಕಾಯುವ ಖರ್ಚಿನಲ್ಲಿ ಎಷ್ಟು ಪಾಲನ್ನು ಕಂಪನಿ ತಾನು ಹೊರುತ್ತೇನೆಂದು ಬರೆದಿದೆ? ಭರವಸೆಯ ಮಾತು ಎಲ್ಲ ಪತ್ರಗಳಲ್ಲೂ ಇರುತ್ತದೆ. ಅದಕ್ಕೆ ಕಂಪನಿ ಏನನ್ನೂ ತೆರಬೇಕಾಗಿಲ್ಲವಾದ್ದರಿಂದ, ಪತ್ರದಲ್ಲಿ ಅತ್ಯಂತ ಹಗುರವಾದ ಭಾಗವೂ ಅದೇ. ತೂಕವಿರುವುದು ದಿನಾಂಕಕ್ಕೆ, ಹಣಕ್ಕೆ, ಮತ್ತು ಹಳೆಯ ಷರತ್ತುಗಳು ಹಾಗೇ ಉಳಿಯುತ್ತವೆ ಎಂಬ ಲಿಖಿತ ಮಾತಿಗೆ.

ಹಣದ ವಿಷಯದಲ್ಲಿ 2016ರ ಫ್ಲಿಪ್‌ಕಾರ್ಟ್ ಪ್ರಕರಣ ನೋಡಬೇಕಾದದ್ದು. ಬೆಂಗಳೂರಿನ ಈ ಕಂಪನಿ ಆ ವರ್ಷ ಐಐಎಂ, ಐಐಟಿಗಳಿಂದ ಆರಿಸಿಕೊಂಡಿದ್ದವರು ಸೇರುವ ದಿನವನ್ನು ಜೂನ್‌ನಿಂದ ಡಿಸೆಂಬರ್‌ಗೆ ಹಾಕಿತು. ಸಂಸ್ಥೆಯೊಳಗಿನ ಮರುಜೋಡಣೆ ಅದಕ್ಕೆ ಕೊಟ್ಟ ಕಾರಣ. ಅಹಮದಾಬಾದಿನ ಐಐಎಂ ಲಿಖಿತವಾಗಿ ಆಕ್ಷೇಪಿಸಿತು. ಪರಿಹಾರವೆಂದು ಕಂಪನಿ ಮುಂದಿಟ್ಟದ್ದು 1.5 ಲಕ್ಷ ರೂಪಾಯಿಯ ಬೋನಸ್, ಅದೂ ಕೆಲಸಕ್ಕೆ ಸೇರಿದ ಮೇಲೆ. ಆರು ತಿಂಗಳಿಗೆ ಹಂಚಿದರೆ ಅದು ತಿಂಗಳಿಗೆ 25 ಸಾವಿರ; ಕೇಳುವುದಕ್ಕೆ ಸಣ್ಣ ಮೊತ್ತವೇನಲ್ಲ. ಆದರೆ ಜುಲೈ ತಿಂಗಳ ಬಾಡಿಗೆಗೆ, ಆಗಸ್ಟ್‌ನ ಸಾಲದ ಬಡ್ಡಿಗೆ ಡಿಸೆಂಬರ್‌ನಲ್ಲಿ ಬರುವ ಹಣ ಒದಗುವುದಿಲ್ಲ. ಮೇಲಾಗಿ, ನಡುವೆ ಬೇರೆ ಕೆಲಸ ಹಿಡಿದವರಿಗೆ ಅದು ದಕ್ಕುವುದೂ ಇಲ್ಲ. ಕೊನೆಯಲ್ಲಿ ಕೊಡುವ ಬೋನಸ್ ಅಭ್ಯರ್ಥಿಯನ್ನು ಹಿಡಿದಿಟ್ಟುಕೊಳ್ಳಲು ಒಳ್ಳೆಯ ಉಪಾಯವಿರಬಹುದು, ಕಾಯುವವರಿಗೆ ಆಸರೆಯಂತೂ ಅಲ್ಲ. ಪತ್ರದಲ್ಲಿ ನೆರವಿನ ಮೊತ್ತದಷ್ಟೇ ಮುಖ್ಯ, ಅದು ಕೈಗೆ ಬರುವ ದಿನ. ಅದೇ ವರ್ಷ ಐಐಟಿಗಳ ಪ್ಲೇಸ್‌ಮೆಂಟ್ ಸಮಿತಿ, ಆಫರ್ ಹಿಂಪಡೆದ ಅಥವಾ ತಡಮಾಡಿದ ಹಲವು ಕಂಪನಿಗಳನ್ನು ಮುಂದಿನ ಕ್ಯಾಂಪಸ್ ನೇಮಕಾತಿಯಿಂದ ಹೊರಗಿಟ್ಟಿತು. ದೊಡ್ಡ ಕಾಲೇಜುಗಳ ಕೈಯಲ್ಲಿರುವ ಈ ಅಸ್ತ್ರ ಸಣ್ಣ ಊರಿನ ಕಾಲೇಜುಗಳ ಬಳಿ ಇಲ್ಲ.

ದಿನಾಂಕದ ವಿಷಯದಲ್ಲಿ ತಿಳಿಯಬೇಕಾದದ್ದು ಇನ್ಫೋಸಿಸ್‌ನ 2022ರ ಬ್ಯಾಚಿನ ಕಥೆ. ಆ ವರ್ಷ ಆಫರ್ ಪಡೆದ ಸುಮಾರು 2,000 ಇಂಜಿನಿಯರಿಂಗ್ ಪದವೀಧರರು ಎರಡು ವರ್ಷದವರೆಗೆ ಕಾದರೂ ಕೆಲಸಕ್ಕೆ ಸೇರಲಾಗಲಿಲ್ಲ ಎಂದು ಪುಣೆಯ ಐಟಿ ನೌಕರರ ಸಂಘಟನೆ ನೈಟ್ಸ್ 2024ರ ಆಗಸ್ಟ್‌ನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರಿತು. ಕೊಟ್ಟ ಆಫರ್‌ಗಳನ್ನೆಲ್ಲ ಪಾಲಿಸುತ್ತೇವೆ, ಬದಲಾಗಿರುವುದು ದಿನಾಂಕಗಳು ಮಾತ್ರ ಎಂದು ಕಂಪನಿಯ ಮುಖ್ಯಸ್ಥ ಸಲೀಲ್ ಪಾರೇಖ್ ಹೇಳಿದರು. ವಿಷಯ ಸಾರ್ವಜನಿಕವಾದ ಮೇಲೆ ಸುಮಾರು ಸಾವಿರ ಮಂದಿಗೆ ಅಕ್ಟೋಬರ್ 7 ಎಂದು ನಿಗದಿಯಾದ ದಿನಾಂಕದ ಪತ್ರ ಹೋಯಿತು. ಮಾತು ಕೊನೆಗೂ ಉಳಿಯಿತು, ನಿಜ. ಆದರೆ ಎರಡು ವರ್ಷ ಅವರ ಕೈಯಲ್ಲಿದ್ದದ್ದು ಕ್ಯಾಲೆಂಡರಿನಲ್ಲಿ ಗುರುತು ಹಾಕಲಾಗದ ಭರವಸೆ. ಹಾಗೆ ಸೇರಿದವರ ಮುಂದೆ ಮೈಸೂರು ಕ್ಯಾಂಪಸ್ಸಿನ ತರಬೇತಿ ಮತ್ತು ಅದರ ಒಳಪರೀಕ್ಷೆಗಳಿದ್ದವು. 2025ರ ಫೆಬ್ರವರಿಯಲ್ಲಿ, ಮೂರು ಅವಕಾಶಗಳಲ್ಲೂ ತೇರ್ಗಡೆಯಾಗಲಿಲ್ಲವೆಂದು ಮುನ್ನೂರಕ್ಕೂ ಹೆಚ್ಚು ಟ್ರೇನಿಗಳನ್ನು ಕಂಪನಿ ಬಿಡುಗಡೆ ಮಾಡಿತು. ಸೇರಿಸಿಕೊಳ್ಳುತ್ತೇವೆ ಎಂಬ ಭರವಸೆ ಕಂಪನಿಯ ಬಾಗಿಲವರೆಗೆ ಮಾತ್ರ. ಒಳಗೆ ಉಳಿಯುವುದಕ್ಕೆ ಬೇರೆ ಷರತ್ತುಗಳಿರುತ್ತವೆ.

ಕಾಯುವ ಅವಧಿಯಲ್ಲಿ ಷರತ್ತುಗಳೇ ಬದಲಾಗುವುದೂ ಉಂಟು. ವರ್ಷಕ್ಕೆ 6.5 ಲಕ್ಷದ ಆಫರ್ ಪಡೆದು ಕಾಯುತ್ತಿದ್ದ ಒಂದು ವರ್ಗದ ಹೊಸಬರಿಗೆ ವಿಪ್ರೋ 2023ರ ಫೆಬ್ರವರಿಯಲ್ಲಿ, 3.5 ಲಕ್ಷಕ್ಕೆ ಒಪ್ಪುವುದಾದರೆ ಬೇಗ ಸೇರಬಹುದು ಎಂಬ ಆಯ್ಕೆ ಕೊಟ್ಟಿತು. ಮುಂದೂಡಿಕೆಯ ಪತ್ರ ಸಂಬಳದ ಬಗ್ಗೆ ಮೌನವಾಗಿದ್ದರೆ ಆ ಮೌನವನ್ನೂ ಓದಬೇಕು ಎನ್ನುವುದಕ್ಕೆ ಇದು ಸಾಕ್ಷಿ.

ಹಾಗಾದರೆ ಸರಿಯಾದ ಸೂಚನೆ ಹೇಗಿರಬೇಕು? ಜುಲೈ 15ಕ್ಕೆ ಸೇರಬೇಕಿದ್ದ ಬ್ಯಾಚ್ ಒಂದನ್ನು ಕಲ್ಪಿಸಿಕೊಂಡರೆ, ಜೂನ್ 10ರ ಪತ್ರವನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು:

“ನಿಮ್ಮ ಜಾಯ್ನಿಂಗ್ ಡೇಟ್ ಜುಲೈ 15ರ ಬದಲು ಸೆಪ್ಟೆಂಬರ್ 22ಕ್ಕೆ ಬದಲಾಗಿದೆ. ಈ ತ್ರೈಮಾಸಿಕದಲ್ಲಿ ಆರಂಭವಾಗಬೇಕಿದ್ದ ಎರಡು ಯೋಜನೆಗಳು ಮುಂದಕ್ಕೆ ಹೋಗಿರುವುದು ಇದಕ್ಕೆ ಕಾರಣ. ನಿಮ್ಮ ಅರ್ಹತೆಗೂ ಇದಕ್ಕೂ ಸಂಬಂಧವಿಲ್ಲ. ಹುದ್ದೆ, ಸಂಬಳ, ಕೆಲಸದ ಊರು ಆಫರ್ ಲೆಟರ್‌ನಲ್ಲಿ ಇದ್ದಂತೆಯೇ ಇರುತ್ತವೆ. ಜುಲೈ 15ರಿಂದ ನೀವು ಸೇರುವವರೆಗೆ ತಿಂಗಳಿಗೆ 12,000 ರೂಪಾಯಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಪ್ರಯಾಣಕ್ಕೂ ವಸತಿಗೂ ಈಗಾಗಲೇ ಕೊಟ್ಟು ವಾಪಸ್ ಬರದ ಹಣವನ್ನು ರಸೀದಿ ತೋರಿಸಿದರೆ ಭರಿಸುತ್ತೇವೆ. ಆಗಸ್ಟ್ 25ರೊಳಗೆ ದಿನಾಂಕವನ್ನು ಮತ್ತೆ ಖಚಿತಪಡಿಸುತ್ತೇವೆ. ಸೆಪ್ಟೆಂಬರ್ 22 ಕೂಡ ತಪ್ಪಿದರೆ ನೀವು ಯಾವ ದಂಡವೂ ಇಲ್ಲದೆ ಆಫರ್ ಬಿಡಬಹುದು. ಕಾಲೇಜಿಗೂ ಅದನ್ನು ತಿಳಿಸುತ್ತೇವೆ.”

ಈ ಪತ್ರದಲ್ಲಿ ಬದಲಾದ ದಿನಾಂಕವೇ ಮೊದಲ ವಾಕ್ಯದಲ್ಲಿದೆ. ವಾಸ್ತವದಲ್ಲಿ ಬರುವ ಅನೇಕ ಪತ್ರಗಳು ಅದನ್ನು ಮೂರನೇ ಪ್ಯಾರಾದಲ್ಲಿ, ಕಂಪನಿಯ ಉಜ್ವಲ ಭವಿಷ್ಯದ ವರ್ಣನೆಯ ಕೆಳಗೆ ಬಚ್ಚಿಡುತ್ತವೆ. ಕಾರಣವನ್ನು ಹೇಳಿರುವುದು ಸೌಜನ್ಯಕ್ಕಷ್ಟೇ ಅಲ್ಲ. ಮನೆಯವರಿಗೆ ತೋರಿಸಲು, ಮುಂದೆ ಬೇರೆ ಸಂದರ್ಶನದಲ್ಲಿ ಓದು ಮುಗಿದ ಮೇಲಿನ ಖಾಲಿ ತಿಂಗಳುಗಳಿಗೆ ಲೆಕ್ಕ ಕೊಡಲು ಆ ವಾಕ್ಯ ಬೇಕಾಗುತ್ತದೆ. ಆಗಸ್ಟ್ 25 ಎಂಬ ನಡುವಣ ದಿನಾಂಕಕ್ಕೂ ಕೆಲಸವಿದೆ: ಎರಡನೇ ಮುಂದೂಡಿಕೆ ಬರುವುದಿದ್ದರೆ ಅದು ಊರು ಬಿಡುವ ಹಿಂದಿನ ರಾತ್ರಿ ತಿಳಿಯದೆ ನಾಲ್ಕು ವಾರ ಮೊದಲೇ ತಿಳಿಯುತ್ತದೆ. “ವ್ಯವಹಾರದ ಅಗತ್ಯಕ್ಕೆ ಅನುಗುಣವಾಗಿ ಹೊಸ ದಿನಾಂಕವನ್ನು ತಿಳಿಸಲಾಗುವುದು” ಎಂದಷ್ಟೇ ಬರೆದ ಪತ್ರದಲ್ಲಿ ಇದಾವುದೂ ಇರುವುದಿಲ್ಲ. ಅದನ್ನು ಮುಂದೂಡಿಕೆ ಎನ್ನುವುದಕ್ಕಿಂತ ಅನಿರ್ದಿಷ್ಟ ತಡೆ ಎನ್ನುವುದೇ ಸರಿ.

ಕೊನೆಯ ವಾಕ್ಯದಲ್ಲಿ ಕಾಲೇಜಿನ ಮಾತು ಬಂದಿರುವುದಕ್ಕೂ ಕಾರಣವಿದೆ. ಅನೇಕ ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಒಬ್ಬರಿಗೆ ಒಂದೇ ಕೆಲಸ ಎಂಬ ನಿಯಮವಿದೆ. ಒಂದು ಆಫರ್ ಸಿಕ್ಕವರು ಮುಂದೆ ಬರುವ ಕಂಪನಿಗಳ ಪರೀಕ್ಷೆಗೆ ಕೂರುವಂತಿಲ್ಲ. ಮುಂದೂಡಿಕೆಯ ಪತ್ರ ಬರುವಷ್ಟರಲ್ಲಿ ಆ ವರ್ಷದ ಕ್ಯಾಂಪಸ್ ಮುಗಿದಿರುತ್ತದೆ. ಮುಂದಿನ ಬ್ಯಾಚಿನ ನೇಮಕಾತಿಯಲ್ಲಿ ಹಿಂದಿನ ವರ್ಷದ ಪದವೀಧರರಿಗೆ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಆದ್ದರಿಂದ ಪತ್ರದ ಒಂದು ಪ್ರತಿಯನ್ನು ಅದೇ ವಾರ ಪ್ಲೇಸ್‌ಮೆಂಟ್ ಅಧಿಕಾರಿಗೆ ಕೊಡುವುದು ಉಪಯೋಗದ ಕೆಲಸ. ಕಂಪನಿಯ ಎಚ್‌ಆರ್ ವಿಭಾಗ ಒಬ್ಬ ಅಭ್ಯರ್ಥಿಯ ಇಮೇಲಿಗಿಂತ ಕಾಲೇಜಿನ ಕರೆಗೆ ಬೇಗ ಓಗೊಡುತ್ತದೆ.

ಶಿಕ್ಷಣ ಸಾಲವಿದ್ದವರಿಗೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷಕ್ಕೆ. ಬಡ್ಡಿ ಮಾತ್ರ ಅಲ್ಲಿಯವರೆಗೂ ಸೇರುತ್ತಲೇ ಇರುತ್ತದೆ. ಎರಡು ತಿಂಗಳ ಮುಂದೂಡಿಕೆ ಈ ಲೆಕ್ಕವನ್ನು ಕೆಡಿಸುವುದಿಲ್ಲ. ಹತ್ತು ತಿಂಗಳ ಮುಂದೂಡಿಕೆಯಾದರೆ ಮೊದಲ ಸಂಬಳದ ಹಿಂದೆಯೇ ಮೊದಲ ಕಂತು ಬಂದು ನಿಲ್ಲುತ್ತದೆ. ಅಂಥವರು ಕಂತು ತಪ್ಪುವ ಮೊದಲೇ ಈ ಪತ್ರವನ್ನು ಸಾಲ ಕೊಟ್ಟ ಶಾಖೆಗೆ ತೋರಿಸಿ ಅವಧಿ ವಿಸ್ತರಣೆ ಕೇಳಬೇಕು. ಕೊಡುವುದು ಬಿಡುವುದು ಬ್ಯಾಂಕಿನ ವಿವೇಚನೆ; ಕಂತು ತಪ್ಪಿದ ಮೇಲೆ ಕೇಳಿದರೆ ಮಾತ್ರ ಕ್ರೆಡಿಟ್ ಸ್ಕೋರ್ ಆಗಲೇ ಇಳಿದಿರುತ್ತದೆ.

ಕಾನೂನಿನ ಬಲ ಇಲ್ಲಿ ಕಡಿಮೆ. ಒಪ್ಪಿಕೊಂಡ ಆಫರ್ ಲೆಟರ್ 1872ರ ಭಾರತೀಯ ಕರಾರು ಕಾಯ್ದೆಯ ಲೆಕ್ಕದಲ್ಲಿ ಕರಾರೇ ಆಗಬಲ್ಲದು. ಅದನ್ನು ಮುರಿದರೆ 73ನೇ ಸೆಕ್ಷನ್ ಪ್ರಕಾರ ನಷ್ಟ ಪರಿಹಾರ ಕೇಳಬಹುದು. ಆದರೆ ವ್ಯವಹಾರದ ಅಗತ್ಯಕ್ಕೆ ತಕ್ಕಂತೆ ದಿನಾಂಕ ಬದಲಿಸುವ ಹಕ್ಕನ್ನು ಹೆಚ್ಚಿನ ಆಫರ್ ಲೆಟರ್‌ಗಳು ಸಣ್ಣ ಅಕ್ಷರದಲ್ಲಿ ಕಂಪನಿಗೇ ಉಳಿಸಿರುತ್ತವೆ. ಲೆಟರ್ ಆಫ್ ಇಂಟೆಂಟ್ ಮಾತ್ರ ಇದ್ದರೆ ನೆಲೆ ಇನ್ನೂ ಸಡಿಲ. ಅದು ಮುಂದೆ ಆಫರ್ ಕೊಡುವ ಇರಾದೆಯ ಪತ್ರವಷ್ಟೆ. ಇನ್ನೂ ಸೇರದವರು ಉದ್ಯೋಗಿಗಳಲ್ಲವಾದ್ದರಿಂದ ಕಾರ್ಮಿಕ ಇಲಾಖೆಗೆ ದೂರು ಕೊಟ್ಟರೂ ಅದರ ಹಿಡಿತ ಬಿಗಿಯಾಗಿರುವುದಿಲ್ಲ.

ಹೀಗಿರುವುದರಿಂದ ಪತ್ರಕ್ಕೆ ಬರೆಯುವ ಉತ್ತರವೇ ಅಭ್ಯರ್ಥಿಯ ಮುಖ್ಯ ದಾಖಲೆ. ಎಚ್‌ಆರ್ ಜೊತೆ ಫೋನಿನಲ್ಲಿ ಆಡಿದ ಮಾತು ಯಾವ ಕಡತದಲ್ಲೂ ಉಳಿಯುವುದಿಲ್ಲ. ಹೊಸ ದಿನಾಂಕವನ್ನು ಗಮನಿಸಿದ್ದೇನೆ, ಸಂಬಳ ಮತ್ತು ಹುದ್ದೆ ಬದಲಾಗಿಲ್ಲವೆಂದು ತಿಳಿದಿದ್ದೇನೆ, ಈ ಅವಧಿಯಲ್ಲಿ ತಾತ್ಕಾಲಿಕ ಕೆಲಸ ಮಾಡಬಹುದೇ ಎಂದು ತಿಳಿಸಿ: ಇಷ್ಟನ್ನು ಇಮೇಲಿನಲ್ಲಿ ಬರೆದು ಉತ್ತರ ಪಡೆಯಬೇಕು. ತಾತ್ಕಾಲಿಕ ಕೆಲಸದ ಪ್ರಶ್ನೆಯನ್ನು ಬಿಡಬಾರದು. ಸೇರುವಾಗ ನಡೆಯುವ ಹಿನ್ನೆಲೆ ತಪಾಸಣೆಯಲ್ಲಿ ಪಿಎಫ್ ಖಾತೆಯ ಮೂಲಕ ಆ ಕೆಲಸ ಕಂಡುಬರಬಹುದು, ಮುಚ್ಚಿಟ್ಟದ್ದೆಂದು ಆಗ ಅದು ತೊಡಕಾಗಬಹುದು.

ಮುಂದೂಡಿಕೆಯ ಸುದ್ದಿ ಹರಡಿದ ಬೆನ್ನಿಗೇ ನಕಲಿ ಪತ್ರಗಳೂ ಬರುತ್ತವೆ. ಬೇಗ ಸೇರಿಸಿಕೊಳ್ಳಲು ಠೇವಣಿ ಕೊಡಿ, ಲ್ಯಾಪ್‌ಟಾಪಿಗೆ ಮುಂಗಡ ಕಟ್ಟಿ ಎಂದು ಅವು ಕೇಳುತ್ತವೆ. ಹಣ ಕೇಳಿದ ಪತ್ರವನ್ನು ಮೋಸವೆಂದೇ ತಿಳಿಯಬೇಕು. ಹಣ ಕೇಳದಿದ್ದರೂ ಕಳುಹಿಸಿದವರ ಇಮೇಲ್ ವಿಳಾಸ ಹಿಂದಿನ ಆಫರ್ ಲೆಟರ್ ಬಂದ ವಿಳಾಸಕ್ಕೆ ಅಕ್ಷರಶಃ ಹೊಂದುತ್ತದೆಯೇ ಎಂದು ನೋಡಿ, ಹೊಸ ದಿನಾಂಕವನ್ನು ಕಂಪನಿಯ ಅಭ್ಯರ್ಥಿ ಪೋರ್ಟಲ್‌ನಲ್ಲೋ ಪ್ಲೇಸ್‌ಮೆಂಟ್ ಸೆಲ್‌ನಲ್ಲೋ ಖಚಿತಪಡಿಸಿಕೊಂಡ ನಂತರವೇ ಪಿಜಿ ಬಿಡುವ, ಟಿಕೆಟ್ ರದ್ದು ಮಾಡುವ ತೀರ್ಮಾನಕ್ಕೆ ಬರಬೇಕು.