ಹತ್ತು ವರ್ಷ ತಡವಾದರೆ ಕಳೆದುಹೋಗುವುದು ಯಾವ ಹತ್ತು ವರ್ಷ?

ತಿಂಗಳಿಗೆ ಐದು ಸಾವಿರ ರೂಪಾಯಿಯಂತೆ ಹತ್ತು ವರ್ಷ ಕಟ್ಟಿದರೆ ಒಟ್ಟು ಆರು ಲಕ್ಷ. ಉಳಿತಾಯವನ್ನು ಹತ್ತು ವರ್ಷ ತಡವಾಗಿ ಶುರುಮಾಡಿದವರು ಕೈಯಿಂದ ಹಾಕದೆ ಉಳಿಸಿಕೊಂಡದ್ದು ಇಷ್ಟೇ. ಆದರೆ 60ನೇ ವಯಸ್ಸಿನಲ್ಲಿ ಪಾಸ್‌ಬುಕ್ ತೆರೆದು ನೋಡಿದರೆ ಅವರಿಗೆ ಕಡಿಮೆ ಬಿದ್ದಿರುವುದು 51 ಲಕ್ಷದ 46 ಸಾವಿರ. ಆರು ಲಕ್ಷಕ್ಕೂ ಐವತ್ತೊಂದು ಲಕ್ಷಕ್ಕೂ ನಡುವಿನ ಈ ಅಂತರ ಎಲ್ಲಿಂದ ಬಂತು ಎಂಬುದನ್ನು ಗುಣಾಕಾರ, ಕೂಡಿಕೆ ಎರಡೇ ಬಳಸಿ ನೋಡಬಹುದು.

ಲೆಕ್ಕಕ್ಕೆ ಪಿಪಿಎಫ್ ಖಾತೆಯನ್ನೇ ತೆಗೆದುಕೊಳ್ಳೋಣ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಸಿಗುತ್ತದೆ, ಬಡ್ಡಿಗೆ ತೆರಿಗೆಯಿಲ್ಲ, ಬಡ್ಡಿ ಹಾಕುವ ಕ್ರಮವೂ ಸ್ಪಷ್ಟವಾಗಿದೆ. ಪ್ರತಿ ತಿಂಗಳು 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತದ ಮೇಲೆ ಆ ತಿಂಗಳ ಬಡ್ಡಿ. ಹನ್ನೆರಡು ತಿಂಗಳ ಬಡ್ಡಿಯನ್ನು ಕೂಡಿಸಿ ಮಾರ್ಚ್ 31ಕ್ಕೆ ಅಸಲಿಗೆ ಸೇರಿಸುತ್ತಾರೆ. ದರ ಶೇ 7.1 ಎಂದಿಟ್ಟುಕೊಳ್ಳೋಣ, 2020ರ ಏಪ್ರಿಲ್‌ನಲ್ಲಿ ಅಲ್ಲಿಗಿಳಿದದ್ದು ವರ್ಷಗಟ್ಟಲೆ ಅಲ್ಲೇ ನಿಂತಿದೆ.

ಈಗ ಅವಳಿ ಅಕ್ಕ-ತಂಗಿಯರನ್ನು ಊಹಿಸಿಕೊಳ್ಳಿ. ಅಕ್ಕ 24ನೇ ವಯಸ್ಸಿನಲ್ಲಿ ಏಪ್ರಿಲ್ ತಿಂಗಳಲ್ಲಿ ಖಾತೆ ತೆರೆದು, ಪ್ರತಿ ತಿಂಗಳು 5ನೇ ತಾರೀಖಿನ ಒಳಗೆ ಐದು ಸಾವಿರ ಕಟ್ಟುತ್ತಾಳೆ. ತಂಗಿ ಇದನ್ನೇ 34ರಲ್ಲಿ ಶುರುಮಾಡುತ್ತಾಳೆ. ಇಬ್ಬರೂ ನಿಲ್ಲಿಸುವುದು 60ಕ್ಕೆ. ಅಂದರೆ ಅಕ್ಕ ಕಟ್ಟುವುದು 36 ವರ್ಷ, ತಂಗಿ 26 ವರ್ಷ. ಈ ಸಂಖ್ಯೆಗಳನ್ನು ಆರಿಸಿದ್ದಕ್ಕೂ ಕಾರಣವಿದೆ. ಪಿಪಿಎಫ್‌ನ 15 ವರ್ಷದ ಅವಧಿ ಎಣಿಸುವುದು ಖಾತೆ ತೆರೆದ ಹಣಕಾಸು ವರ್ಷ ಮುಗಿದ ಮೇಲೆ. ಹಾಗಾಗಿ ಕಟ್ಟುವುದು 16 ವರ್ಷ; ಆಮೇಲೆ ಐದೈದು ವರ್ಷ ವಿಸ್ತರಿಸುತ್ತ ಹೋದರೆ 21, 26, 31, 36.

ಅಕ್ಕನ ಮೊದಲ ವರ್ಷ ಹೀಗಿರುತ್ತದೆ. ಏಪ್ರಿಲ್‌ನ ಕಂತಿಗೆ ಹನ್ನೆರಡು ತಿಂಗಳ ಬಡ್ಡಿ, ಮೇ ಕಂತಿಗೆ ಹನ್ನೊಂದು, ಕೊನೆಗೆ ಮಾರ್ಚ್ ಕಂತಿಗೆ ಒಂದು. ಎಲ್ಲ ಕೂಡಿಸಿದರೆ 78 ತಿಂಗಳ ಬಡ್ಡಿ, ಅಂದರೆ 2,307 ರೂಪಾಯಿ 50 ಪೈಸೆ. ಕಟ್ಟಿದ 60,000 ಸೇರಿ ವರ್ಷದ ಕೊನೆಗೆ 62,307. ಮುಂದಿನ ವರ್ಷ ಈ ಮೊತ್ತವನ್ನು 1.071ರಿಂದ ಗುಣಿಸಿ, ಅದಕ್ಕೆ ಹೊಸ ವರ್ಷದ 62,307 ಕೂಡಿಸಿದರೆ 1,29,039. ಮೂರನೇ ವರ್ಷವೂ ಹಾಗೆಯೇ: ಒಂದು ಗುಣಾಕಾರ, ಒಂದು ಕೂಡಿಕೆ, 2,00,508. ಸಂಜೆ ಬಿಡುವಾಗಿ ಕೂತರೆ ಮೂವತ್ತಾರು ಸಾಲನ್ನೂ ನೋಟ್‌ಬುಕ್ಕಿನ ಎರಡು ಪುಟದಲ್ಲಿ ಬರೆದು ಮುಗಿಸಬಹುದು.

ಹತ್ತು ಸಾಲು ಬರೆದಾಗ ಅಕ್ಕನಿಗೆ 34. ಅವಳ ಖಾತೆಯಲ್ಲಿ 8 ಲಕ್ಷದ 65 ಸಾವಿರ. ಕಟ್ಟಿದ್ದು ಆರು ಲಕ್ಷ, ಬಡ್ಡಿ ಎರಡೂವರೆ ಲಕ್ಷದ ಮೇಲೆ ಸ್ವಲ್ಪ. ನಿಜ ಹೇಳಬೇಕೆಂದರೆ ಹತ್ತು ವರ್ಷದ ಶಿಸ್ತಿಗೆ ಇದೇನೂ ದೊಡ್ಡ ಪ್ರತಿಫಲವಲ್ಲ. ತಡವಾದರೂ ಅಂಥ ನಷ್ಟವಿಲ್ಲ ಎಂದು ಜನರಿಗೆ ಅನಿಸುವುದು ಈ ಸಾಲನ್ನು ನೋಡಿ. ಆದರೆ ಹನ್ನೊಂದನೆಯ ಸಾಲಿನಲ್ಲಿ ಒಂದು ತಿರುವಿದೆ. ಆ ವರ್ಷ ಅಕ್ಕನ ಖಾತೆಗೆ ಬೀಳುವ ಬಡ್ಡಿ 63,719 ರೂಪಾಯಿ, ಅವಳೇ ಕಟ್ಟುವ 60,000ಕ್ಕಿಂತ ಹೆಚ್ಚು. ಅಂದರೆ ತಂಗಿ ತನ್ನ ಮೊದಲ ಐದು ಸಾವಿರ ಕಟ್ಟುವ ವರ್ಷವೇ ಅಕ್ಕನ ಖಾತೆಯಲ್ಲಿ ಇಬ್ಬರು ದುಡಿಯಲು ಶುರುಮಾಡಿರುತ್ತಾರೆ: ಅಕ್ಕ, ಮತ್ತು ಅವಳಿಗಿಂತ ತುಸು ಹೆಚ್ಚೇ ಗಳಿಸುವ ಬಡ್ಡಿ.

ಸಾಲುಗಳನ್ನು ಕೊನೆಯವರೆಗೆ ಎಳೆದರೆ 60ರಲ್ಲಿ ತಂಗಿಯ ಇಡುಗಂಟು 43 ಲಕ್ಷದ 44 ಸಾವಿರ, ಅಕ್ಕನದು 94 ಲಕ್ಷದ 91 ಸಾವಿರ. ತಂಗಿ ಕಟ್ಟಿದ್ದು 15 ಲಕ್ಷದ 60 ಸಾವಿರ, ಅಕ್ಕ 21 ಲಕ್ಷದ 60 ಸಾವಿರ.

ತಂಗಿ ಕಳೆದುಕೊಂಡದ್ದು ಯಾವ ಹತ್ತು ವರ್ಷ? ಕ್ಯಾಲೆಂಡರಿನ ಪ್ರಕಾರ 24ರಿಂದ 34ರವರೆಗಿನ ವರ್ಷಗಳು. ಲೆಕ್ಕದ ಪುಸ್ತಕದ ಪ್ರಕಾರ ಹಾಗಲ್ಲ. ತಂಗಿಯ ಖಾತೆಯೂ ಒಂದನೇ ಸಾಲಿನಿಂದಲೇ ಶುರುವಾಗುತ್ತದೆ, ಅದೇ 62,307ರಿಂದ. ಅವಳ 26 ಸಾಲುಗಳು ಅಕ್ಕನ ಮೊದಲ 26 ಸಾಲುಗಳೇ. ಒಂದು ಪೈಸೆಯೂ ಆಚೀಚೆಯಿಲ್ಲ. ಅಕ್ಕ 50ನೇ ವಯಸ್ಸಿನಲ್ಲಿ ಮುಟ್ಟಿದ 43 ಲಕ್ಷದ 44 ಸಾವಿರವನ್ನು ತಂಗಿ 60ರಲ್ಲಿ ಮುಟ್ಟುತ್ತಾಳೆ. ಅವಳ ಪಾಸ್‌ಬುಕ್ಕಿನಲ್ಲಿ ಇಲ್ಲದಿರುವುದು 27ರಿಂದ 36ರವರೆಗಿನ ಸಾಲುಗಳು, ಎಲ್ಲಕ್ಕಿಂತ ಕೊಬ್ಬಿದ ಸಾಲುಗಳು. 36ನೇ ಸಾಲಿನಲ್ಲಿ, ಅದೊಂದೇ ವರ್ಷದಲ್ಲಿ, ಅಕ್ಕನಿಗೆ ಬರುವ ಬಡ್ಡಿ ಸುಮಾರು ಆರೂಕಾಲು ಲಕ್ಷ. ಅವಳು ಮೊದಲ ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ ಒಟ್ಟು ಮೊತ್ತಕ್ಕಿಂತ ಅದು ಜಾಸ್ತಿ.

ಇನ್ನೊಂದು ಬದಿಯಿಂದ ನೋಡಿದರೂ ಲೆಕ್ಕ ಕೂಡಿಬರುತ್ತದೆ. 34ರಿಂದ ಮುಂದಕ್ಕೆ ಇಬ್ಬರೂ ಕಟ್ಟುವುದು ಒಂದೇ ಮೊತ್ತ, ಅದರಿಂದ ಇಬ್ಬರಿಗೂ ಆಗುವುದು ಅದೇ 43 ಲಕ್ಷದ 44 ಸಾವಿರ. ಅಕ್ಕನ ಬಳಿ ಹೆಚ್ಚಿಗೆ ಇರುವುದು 34ರಲ್ಲಿದ್ದ ಆ 8 ಲಕ್ಷದ 65 ಸಾವಿರದ ಗಂಟು ಮಾತ್ರ. 1.071ನ್ನು ತನ್ನಿಂದ ತಾನೇ ಗುಣಿಸುತ್ತ ಹೋದರೆ 26 ವರ್ಷಕ್ಕೆ 5.95 ಆಗುತ್ತದೆ. 8 ಲಕ್ಷ 65 ಸಾವಿರಕ್ಕೆ 5.95 ಪಟ್ಟು ಎಂದರೆ 51 ಲಕ್ಷ 46 ಸಾವಿರ.

ಇದರಿಂದ ಹೊರಡುವ ಒಂದು ಫಲಿತಾಂಶವನ್ನು ಮೊದಲ ಬಾರಿ ಕೇಳಿದವರು ಸುಲಭಕ್ಕೆ ಒಪ್ಪುವುದಿಲ್ಲ. ಅಕ್ಕ 34ಕ್ಕೇ ಕಟ್ಟುವುದನ್ನು ನಿಲ್ಲಿಸಿಬಿಟ್ಟಳು, ತಂಗಿ ಆಗ ಶುರುಮಾಡಿ 26 ವರ್ಷ ಬಿಡದೆ ಕಟ್ಟಿದಳು ಎನ್ನಿ. ಆರು ಲಕ್ಷ ಹಾಕಿದ ಅಕ್ಕನಿಗೆ 51 ಲಕ್ಷದ ಮೇಲೆ, ಹದಿನೈದೂವರೆ ಲಕ್ಷದ ಮೇಲೆ ಹಾಕಿದ ತಂಗಿಗೆ 43 ಲಕ್ಷದ ಮೇಲೆ. ಪಿಪಿಎಫ್‌ನಲ್ಲಿ ಇದನ್ನು ನಿಜಕ್ಕೂ ಮಾಡಬಹುದು. ಮೂಲ ಅವಧಿ ಮುಗಿಯುವವರೆಗೆ ವರ್ಷಕ್ಕೆ ಕನಿಷ್ಠ 500 ರೂಪಾಯಿ ಹಾಕಿ ಖಾತೆಗೆ ಜೀವ ಉಳಿಸಿಕೊಂಡರೆ ಸಾಕು. ಆಮೇಲೆ ಏನೂ ಕಟ್ಟದೆ ಬಿಟ್ಟರೂ ಬಡ್ಡಿ ಬರುತ್ತಲೇ ಇರುತ್ತದೆ. ಆದರೆ ಕಟ್ಟುವುದನ್ನು ಮುಂದುವರಿಸುವವರು ಅವಧಿ ಮುಗಿದು ಒಂದು ವರ್ಷದೊಳಗೆ ಫಾರ್ಮ್ 4 ಕೊಡಲೇಬೇಕು. ಅದನ್ನು ಕೊಡದೆ ಹಾಕಿದ ಹಣಕ್ಕೆ ಬಡ್ಡಿಯಿಲ್ಲ.

ತಡವಾದದ್ದನ್ನು ಹಣ ಹೆಚ್ಚಿಸಿ ಸರಿದೂಗಿಸಬಹುದೇ? 34ರಲ್ಲಿ ಶುರುಮಾಡುವ ತಂಗಿ ಅಕ್ಕನ ಮೊತ್ತ ಮುಟ್ಟಬೇಕಾದರೆ ತಿಂಗಳಿಗೆ ಸುಮಾರು 10,925 ರೂಪಾಯಿ ಕಟ್ಟಬೇಕು. ಕಷ್ಟ, ಆದರೂ ಆಗದ ಮಾತಲ್ಲ. 44ಕ್ಕೆ ಶುರುಮಾಡುವವರಿಗೆ ಬೇಕಾದದ್ದು 27,000ಕ್ಕೂ ಹೆಚ್ಚು. ಪಿಪಿಎಫ್‌ಗೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಿದೆ, ತಿಂಗಳಿಗೆ 12,500. ಅಷ್ಟು ಹೊತ್ತಿಗೆ ದುಡ್ಡಿದ್ದರೂ ಈ ಖಾತೆ ಅದನ್ನು ತೆಗೆದುಕೊಳ್ಳುವುದಿಲ್ಲ.

ಬೇಗ ಶುರುಮಾಡಿದವರೂ ತಮಗೆ ಗೊತ್ತಾಗದಂತೆ ತಡ ಮಾಡಿಕೊಳ್ಳುವುದುಂಟು. ಹನ್ನೊಂದನೆಯ ವರ್ಷದ ಮೊದಲಿಗೇ, ಮನೆಯ ಒಂದು ಮದುವೆಗೆಂದು, ನಿಯಮ ಬಿಡುವಷ್ಟು ಹಣವನ್ನು ಅಕ್ಕ ತೆಗೆದಳು ಎಂದುಕೊಳ್ಳಿ. ನಾಲ್ಕು ವರ್ಷ ಹಿಂದಿನ ಬಾಕಿಯ ಅರ್ಧ, ಅಂದರೆ ಸುಮಾರು 2 ಲಕ್ಷ 70 ಸಾವಿರ. ಅದಕ್ಕೂ ಅದೇ 5.95 ಪಟ್ಟು: 60ರಲ್ಲಿ 16 ಲಕ್ಷ ಕಡಿಮೆ. ಮದುವೆಗೆ ತೆಗೆಯಬಾರದು ಎಂದು ಹೇಳುತ್ತಿಲ್ಲ. ಖರ್ಚಿನ ಪಟ್ಟಿಯಲ್ಲಿ ಈ ಸಾಲನ್ನು ಯಾರೂ ಬರೆಯುವುದಿಲ್ಲ, ಅಷ್ಟೇ. ಇದರ ಮುಂದೆ 5ನೇ ತಾರೀಖು ದಾಟಿಸುವ ತಪ್ಪು ಸಣ್ಣದು. 36 ವರ್ಷವೂ 10ನೇ ತಾರೀಖಿಗೇ ಕಟ್ಟಿದರೆ ಪ್ರತಿ ಕಂತಿಗೂ ಒಂದು ತಿಂಗಳ ಬಡ್ಡಿ ಹೋಗುತ್ತದೆ, ವರ್ಷಕ್ಕೆ 355 ರೂಪಾಯಿ, ಕೊನೆಗೆ ಸುಮಾರು 54 ಸಾವಿರ.

ಇಲ್ಲಿಯವರೆಗಿನ ಲೆಕ್ಕವನ್ನು ಹಣ ಕೂಡಿಡಿಸುವ ಕಂಪನಿಗಳ ಜಾಹೀರಾತುಗಳೂ ಖುಷಿಯಿಂದ ಹೇಳುತ್ತವೆ. ಅವು ನುಂಗಿಕೊಳ್ಳುವ ಭಾಗವೊಂದಿದೆ. 24ರಲ್ಲಿ ಐದು ಸಾವಿರ ಮತ್ತು 34ರಲ್ಲಿ ಐದು ಸಾವಿರ ಒಂದೇ ಭಾರವಲ್ಲ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರುತ್ತವೆ ಎಂದು ಹಿಡಿದರೆ, ಹತ್ತು ವರ್ಷದ ನಂತರದ ಐದು ಸಾವಿರಕ್ಕೆ ಸಿಗುವುದು ಇಂದಿನ ಮೂರು ಸಾವಿರದಷ್ಟು ಸಾಮಾನು. ಮೊದಲ ಸಂಬಳದಲ್ಲಿ ಬಾಡಿಗೆ, ಊಟ, ಊರಿಗೆ ಕಳಿಸುವ ದುಡ್ಡು ಕಳೆದು ಐದು ಸಾವಿರ ಎತ್ತಿಟ್ಟ ಅಕ್ಕನ ಕಷ್ಟಕ್ಕೆ ಸಮನಾಗಬೇಕಾದರೆ ತಂಗಿ 8,144 ರೂಪಾಯಿಯಿಂದ ಶುರುಮಾಡಬೇಕು. ಹಾಗೆ ಮಾಡಿದರೆ ಅವಳಿಗೆ 70 ಲಕ್ಷದ 76 ಸಾವಿರ ಆಗುತ್ತದೆ. ಅಂತರ 51 ಲಕ್ಷದಿಂದ 24 ಲಕ್ಷಕ್ಕೆ ಇಳಿಯುತ್ತದೆ. ತಡವಾದದ್ದರ ಪ್ರಾಮಾಣಿಕ ಬೆಲೆ ಇದು ಎಂಬುದು ನನ್ನ ಅಭಿಪ್ರಾಯ. ಜಾಹೀರಾತಿನಷ್ಟು ಭಯಂಕರವಲ್ಲ, ಹಾಗೆಂದು ಚಿಲ್ಲರೆಯೂ ಅಲ್ಲ. ಅಕ್ಕನ 94 ಲಕ್ಷದ 91 ಸಾವಿರವೂ ಅದೇ ಶೇ 5ರ ಏರಿಕೆಯಲ್ಲಿ, ಅವಳು 24ರಲ್ಲಿದ್ದಾಗಿನ ಬೆಲೆಗೆ 16 ಲಕ್ಷದ 40 ಸಾವಿರದಷ್ಟೇ ಕೊಳ್ಳಬಲ್ಲದು.

ಕೊನೆಯ ಮಾತು ದರದ್ದು. ಪಿಪಿಎಫ್ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 36 ವರ್ಷ ಅದು 7.1ರಲ್ಲೇ ಇರುತ್ತದೆಂದು ಯಾರೂ ಭರವಸೆ ಕೊಟ್ಟಿಲ್ಲ. 1990ರ ದಶಕದಲ್ಲಿ ಅದು ಶೇ 12 ಇತ್ತು. ತಡದ ಪರಿಣಾಮ ಎಷ್ಟು ಎಂಬುದು ಈ ದರದ ಮೇಲೇ ನಿಂತಿದೆ. 7.1ರಲ್ಲಿ ಹಣ ಹತ್ತು ವರ್ಷಕ್ಕೆ 1.99 ಪಟ್ಟು, ಹೆಚ್ಚುಕಡಿಮೆ ದುಪ್ಪಟ್ಟು. ಶೇ 12ರಲ್ಲಿ ಮೂರು ಪಟ್ಟಿಗೂ ಸ್ವಲ್ಪ ಹೆಚ್ಚು, ಶೇ 4ರಲ್ಲಿ ಒಂದೂವರೆ ಪಟ್ಟಿಗೂ ಚೂರು ಕಡಿಮೆ. ನಿಮ್ಮ ಉಳಿತಾಯ ಬೇರೆ ಕಡೆ ಇದ್ದರೆ ಅಲ್ಲಿಯ ದರಕ್ಕೆ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಈ ಪಟ್ಟನ್ನು ಕಂಡುಕೊಳ್ಳಿ. ತಡವಾಗಿ ಶುರುಮಾಡಿದವರ ಗಂಟನ್ನು ಅದರಿಂದ ಗುಣಿಸಿ, ಹತ್ತು ವರ್ಷದಲ್ಲಿ ಆಗುವ ಗಂಟನ್ನು ಅದಕ್ಕೆ ಕೂಡಿಸಿದರೆ ಬರುವುದು ಹತ್ತು ವರ್ಷ ಮೊದಲೇ ಶುರುಮಾಡಿದವರ ಗಂಟು. ನಮ್ಮ ಅಕ್ಕ-ತಂಗಿಯರಿಗಾದರೆ 43.44 ಲಕ್ಷವನ್ನು 1.9856ರಿಂದ ಗುಣಿಸಿದಾಗ 86.26 ಲಕ್ಷ, ಅದಕ್ಕೆ 8.65 ಲಕ್ಷ ಕೂಡಿಸಿದರೆ 94.91 ಲಕ್ಷ.